ಪದಚರ್ಚೆ: ವೈಕಾಫ್‌ನ ‘ಸ್ಪ್ರಿಂಗ್’, ‘ಅಪ್‌ಥ್ರಸ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಶಿವಲೀಲಾ, ರಾಯಚೂರು

ಎಲ್ಲರಿಗೂ ನಮಸ್ಕಾರ. ಎರಡು ಪದ ಬೇಕು, ಸ್ವಲ್ಪ ಅರ್ಜೆಂಟು. ಕ್ರಿಪ್ಟೊ ವ್ಯಾಪಾರದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ಶುಕ್ರವಾರ ಪ್ರೆಸ್ಸಿಗೆ ಹೋಗಬೇಕು. ಅದರಲ್ಲಿ ಬೆಲೆ, ವಾಲ್ಯೂಮ್ ನೋಡಿ ಮಾರುಕಟ್ಟೆಯ ನಡೆ ಓದುವ ರಿಚರ್ಡ್ ವೈಕಾಫ್ ಪದ್ಧತಿಯ ಅಧ್ಯಾಯವಿದೆ, ಜೊತೆಗೆ 2021ರ ಮೇ ತಿಂಗಳಿಂದ ಜುಲೈವರೆಗಿನ ಬಿಟ್‌ಕಾಯಿನ್ ಚಾರ್ಟು. ಬೆಲೆ ಬಿದ್ದಾಗ ದೊಡ್ಡವರು ಸದ್ದಿಲ್ಲದೆ ಕೊಂಡಿಡುವ ಅಕ್ಯುಮುಲೇಷನ್‌ಗೆ ‘ಶೇಖರಣೆ’ ಅಂತ ಹಾಕಿದ್ದೇನೆ, ಎ ಇಂದ ಇ ವರೆಗೆ ಐದು ‘ಹಂತ’. ಸಿಕ್ಕಿಕೊಂಡಿದ್ದು ಸ್ಪ್ರಿಂಗ್ ಮತ್ತು ಅಪ್‌ಥ್ರಸ್ಟ್ ಹತ್ತಿರ. ಚಾರ್ಟಿನಲ್ಲಿ ಬಾಣದ ಪಕ್ಕ ಎರಡು ಪದಕ್ಕಿಂತ ಜಾಸ್ತಿ ಹಿಡಿಯಲ್ಲ.

ಗವಿಸಿದ್ದಪ್ಪ, ಕೊಪ್ಪಳ

ಇದರಲ್ಲಿ ಸಿಕ್ಕಿಕೊಳ್ಳುವಂಥದ್ದೇನಿದೆ? ಸ್ಪ್ರಿಂಗ್ ಅಂದರೆ ಚಿಮ್ಮು. ‘ಚಿಮ್ಮುಹಲಗೆ’ ಅನ್ನಿ, ಅಚ್ಚಗನ್ನಡ. ಅಪ್‌ಥ್ರಸ್ಟ್ ನಮ್ಮ ವಿಜ್ಞಾನ ಪಾಠದಲ್ಲೇ ಬರುತ್ತದೆ, ‘ಮೇಲ್ಮುಖ ಬಲ’. ನೀರು ಮರದ ತುಂಡನ್ನು ಮೇಲೆ ತಳ್ಳುತ್ತದಲ್ಲ, ಅದೇ. ಬೆಲೆ ಬಲವಾಗಿ ಮೇಲೆ ಹೋಗುತ್ತಿದೆ ಅಂತ ಅರ್ಥ. ‘ಶೇಖರಣೆ’ ಮಾತ್ರ ತೆಗೆದುಹಾಕಿ. ‘ಕೂಡಿಡುವಿಕೆ’ ಇರುವಾಗ ಸಂಸ್ಕೃತದ ಸಾಲ ಯಾಕೆ?

ಅಮರೇಶ, ಗಂಗಾವತಿ

ಅಕ್ಕಾ, ನಮ್ಮ ಕಡೆ ಇದಕ್ಕೆ ‘ಮಾಲು ಹಿಡಿಯೋದು’ ಅಂತಾರೆ. ಸುಗ್ಗಿ ಟೈಮಲ್ಲಿ ಸೋನಾ ಮಸೂರಿ ರೇಟು ಬಿದ್ದಾಗ ನಾನೂ ಭತ್ತ ಹಿಡಿದು ಗೋದಾಮಿಗೆ ಹಾಕಿದ್ದೆ. ರೇಟು ಏಳಲೇ ಇಲ್ಲ, ಬಾಡಿಗೆ, ಬಡ್ಡಿ, ಹುಳ ಎಲ್ಲಾ ಸೇರಿ ಲಾಸು. ಕೈಪಿಡಿಯಲ್ಲಿ ಗೋದಾಮಿನ ಖರ್ಚಿನ ಬಗ್ಗೆ ಬರೆದಿದ್ದೀರಾ?

ಪಂಪಾಪತಿ, ಬಳ್ಳಾರಿ

ಅಮರೇಶ, ಬಿಟ್‌ಕಾಯಿನ್‌ಗೆ ಹುಳ ಹಿಡಿಯಲ್ಲಪ್ಪ. ಆದರೆ ‘ಮಾಲು ಹಿಡಿಯೋದು’ ಒಳ್ಳೆ ಪದ. ಇಲ್ಲಿ ನಡೆಯುವುದು ಅದೇ.

ಮೇಷ್ಟ್ರೆ, ಅಪ್‌ಥ್ರಸ್ಟ್ ಬಗ್ಗೆ ನೀವು ಹೇಳಿದ್ದು ಪೂರ್ತಿ ಉಲ್ಟಾ. ‘ಮೇಲ್ಮುಖ ಬಲ’ ಅಂತ ಅಚ್ಚು ಹಾಕಿದರೆ ಓದಿದವನು ಅಲ್ಲೇ ಕೊಳ್ಳುತ್ತಾನೆ. ಅದು ಕೊಳ್ಳುವ ಜಾಗವೇ ಅಲ್ಲ. ಬೆಲೆ ಒಂದು ಮೇಲ್ಗೆರೆ, ಒಂದು ಕೆಳಗೆರೆಯ ನಡುವಿನ ಪಟ್ಟಿಯಲ್ಲೇ ಓಡಾಡುತ್ತಿರುತ್ತದೆ. ಒಮ್ಮೆ ಮೇಲ್ಗೆರೆ ದಾಟುತ್ತದೆ, ಎಲ್ಲರೂ ಹಿಂದೆ ಓಡುತ್ತಾರೆ, ಅಲ್ಲಿ ಮಾರುವವನು ಕಾಯುತ್ತಿರುತ್ತಾನೆ, ಬೆಲೆ ವಾಪಸ್ ಪಟ್ಟಿಯೊಳಗೆ ಬೀಳುತ್ತದೆ. ಬಿದ್ದ ಮೇಲೇ ಅದಕ್ಕೆ ಆ ಹೆಸರು. ಸ್ಪ್ರಿಂಗ್ ಇದರ ಕನ್ನಡಿ. ಕೆಳಗೆರೆ ಒಡೆದು ಕೆಳಗಿಳಿದು ಬೇಗ ಒಳಗೆ ಬರಬೇಕು. ಇಳಿದದ್ದೂ ಬೇಕು, ಬಂದದ್ದೂ ಬೇಕು. ಹುಡುಕಬೇಕಾದ ಪದದಲ್ಲಿ ಎರಡೂ ಇರಲಿ.

ಶಿವಲೀಲಾ ಅವರ ಚಾರ್ಟನ್ನೇ ತೆಗೆದುಕೊಳ್ಳಿ. 2021ರ ಮೇ 19ಕ್ಕೆ ಬೆಲೆ 30,000 ಡಾಲರ್ ಹತ್ತಿರಕ್ಕೆ ಕುಸಿಯಿತು, ವಾಲ್ಯೂಮ್, ಅಂದರೆ ಕೈ ಬದಲಾದ ಮಾಲು, ಭಾರಿ. ಹೆದರಿದವರೆಲ್ಲ ಮಾರಿದರು, ಆಮೇಲೆ ಬೆಲೆ ತಾನಾಗೇ 42,000ದ ಆಸುಪಾಸಿಗೆ ಎದ್ದಿತು. ಕೆಳಗೆರೆ, ಮೇಲ್ಗೆರೆ ಸಿಕ್ಕಿದ್ದು ಅಲ್ಲಿ, ಹಂತ ಎ. ಆಮೇಲೆ ಬೇಸರ ಬರುವಷ್ಟು ದಿನ ಮಧ್ಯದಲ್ಲೇ ಓಡಾಟ. ಜೂನ್ 22ಕ್ಕೆ 28,800ರವರೆಗೆ ಇಳಿದು ಅವತ್ತೇ 30,000ದ ಮೇಲೆ ಬಂದು ಮುಗಿಯಿತು. ಜುಲೈ 20ಕ್ಕೆ ಇನ್ನೊಮ್ಮೆ 30,000ದ ಕೆಳಗೆ ಹೋಯಿತು, ಆದರೆ ಹಿಂದಿನ ತಳ ಮುಟ್ಟಲಿಲ್ಲ, ಮಾರುವವರೂ ಅಷ್ಟು ಜನ ಇರಲಿಲ್ಲ. ಮರುದಿನ ಮತ್ತೆ ಒಳಗೆ. ನನ್ನ ಲೆಕ್ಕದಲ್ಲಿ ಜೂನ್ 22 ಸ್ಪ್ರಿಂಗ್, ಜುಲೈ 20 ಅದರ ಪರೀಕ್ಷೆ. ಜುಲೈನದ್ದೇ ಸ್ಪ್ರಿಂಗ್ ಅನ್ನುವವರೂ ಇದ್ದಾರೆ. ಜುಲೈ 26ಕ್ಕೆ ಬೆಲೆ 40,000 ಮುಟ್ಟುವಷ್ಟು ಹಾರಿತು, ಆಗಸ್ಟಿನಲ್ಲಿ 42,000 ದಾಟಿತು.

ಗವಿಸಿದ್ದಪ್ಪ, ಕೊಪ್ಪಳ

ಹಾಗಾದರೆ ‘ಹುಸಿ ಕುಸಿತ’, ‘ಹುಸಿ ಜಿಗಿತ’. ಮುಗೀತಲ್ಲ. ‘ಹುಸಿ’ ಹಳಗನ್ನಡದಿಂದ ಬಂದ ಪದ, ವಚನಕಾರರು ‘ಹುಸಿಯ ನುಡಿಯಲು ಬೇಡ’ ಅಂದಿದ್ದಾರೆ. ಇನ್ನು ‘ಚಾರ್ಟು’, ‘ವಾಲ್ಯೂಮ್’, ‘ಲಾಸು’ ಅಂತ ಬರೆಯುವವರ ಹತ್ತಿರ ಕನ್ನಡದ ಮಾತೇ ವ್ಯರ್ಥ.

ಶಿವಲೀಲಾ, ರಾಯಚೂರು

ಸರ್, ‘ಹುಸಿ ಕುಸಿತ’ ಚೆನ್ನಾಗಿದೆ, ಪ್ರಾಸವೂ ಇದೆ. ಅದನ್ನೇ ಹಾಕಿಬಿಡಲಾ?

ಪಂಪಾಪತಿ, ಬಳ್ಳಾರಿ

ಹಾಕಬೇಡಿ. ಗೆರೆ ಒಡೆಯುವ ಹೊತ್ತಿನಲ್ಲಿ ಹುಸಿಯೋ ನಿಜವೋ ಯಾರಿಗೂ ಗೊತ್ತಿರಲ್ಲ. ‘ಹುಸಿ ಕುಸಿತ’ ಅಂತ ಕಲಿತವನು ಪ್ರತಿ ಕುಸಿತಕ್ಕೂ ಹುಸಿ ಅಂದುಕೊಂಡು ಕೈ ಹಾಕುತ್ತಾನೆ.

2022 ನೋಡಿ. ಮೇ ಮಧ್ಯದಿಂದ ಬೆಲೆ ಹೆಚ್ಚುಕಡಿಮೆ 28,500ರಿಂದ 32,000ದ ನಡುವೆ ಕೂತಿತ್ತು. ಮೇ 31ಕ್ಕೆ 32,000 ದಾಟಿತು, ಮರುದಿನವೇ ಕೆಳಗೆ. ಅದು ಅಪ್‌ಥ್ರಸ್ಟ್. ಬಹಳ ಜನ ಇದೂ ಶೇಖರಣೆ ಅಂತ ಚಿತ್ರ ಬರೆದರು. ಜೂನ್ ಎರಡನೇ ವಾರದಲ್ಲಿ ಕೆಳಗೆರೆ ಒಡೆದಾಗ ‘ಸ್ಪ್ರಿಂಗ್ ಬಂತು’ ಅಂತ ಕೊಂಡರು. ಬೆಲೆ ವಾಪಸ್ ಬರಲೇ ಇಲ್ಲ. ಜೂನ್ 18ಕ್ಕೆ 18,000ದ ಕೆಳಗೆ. ಜೂನ್ 2021ಕ್ಕೂ ಇದಕ್ಕೂ ಮೊದಲ ಗಂಟೆಯಲ್ಲಿ ನೋಡಿದರೆ ವ್ಯತ್ಯಾಸ ಕಾಣಲ್ಲ. ಒಂದರಲ್ಲಿ ಅದೇ ದಿನ ಗೆರೆಯ ಮೇಲೆ ಮುಗಿಯಿತು, ಇನ್ನೊಂದರಲ್ಲಿ ದಿನದಿಂದ ದಿನಕ್ಕೆ ಕೆಳಗೇ ಮುಗಿಯಿತು, ವಾಲ್ಯೂಮ್ ಏರುತ್ತಾ. ಅದಕ್ಕೇ ಬೆಲೆ ಪಟ್ಟಿಯೊಳಗೆ ಬಂದು ಕೂತ ಮೇಲೆ, ಆ ತಳವನ್ನು ಇನ್ನೊಮ್ಮೆ ಮುಟ್ಟಲು ಹೋಗಿ ಮಾರುವವರಿಲ್ಲದೆ ತಿರುಗಿದ ಮೇಲೆ ಕೊಳ್ಳಬೇಕು.

ಇನ್ನು ಕೆಳಗೆ ಯಾಕೆ ಇಳಿಸುತ್ತಾರೆ? ದೊಡ್ಡ ಕುಳಕ್ಕೆ ದೊಡ್ಡ ಮಾಲು ಬೇಕು, ಆದರೆ ರೇಟು ಏರಬಾರದು. ಗೆರೆಯ ಕೆಳಗೆ ‘ಇಷ್ಟಕ್ಕೆ ಬಿದ್ದರೆ ಮಾರಿಬಿಡು’ ಅನ್ನುವ ಸಣ್ಣವರ ಸ್ಟಾಪ್‌ಲಾಸ್ ಇರುತ್ತವೆ, ಸಾಲ ಮಾಡಿ ಕೊಂಡವರ ಫ್ಯೂಚರ್ಸ್ ಅಲ್ಲೇ ಬಲವಂತವಾಗಿ ಮಾರಾಟವಾಗುತ್ತವೆ. ಆ ಮಾಲೇ ಅವನಿಗೆ ಬೇಕಾದದ್ದು. ಕ್ರಿಪ್ಟೊದಲ್ಲಿ ಇನ್ನೊಂದು ತೊಡಕು. ವಾಲ್ಯೂಮ್ ಒಂದೊಂದು ಎಕ್ಸ್‌ಚೇಂಜಿನದು ಒಂದೊಂದು ಥರ, ಕೆಲವು ಕಡೆ ತಾವೇ ಕೊಂಡು ತಾವೇ ಮಾರಿ ಉಬ್ಬಿಸಿರುತ್ತಾರೆ. ಒಂದೇ ಕಡೆಯ ಕಡ್ಡಿ ನೋಡಿ ‘ವಾಲ್ಯೂಮ್ ಕಮ್ಮಿ’ ಅನ್ನಬೇಡಿ.

ಅಮರೇಶ, ಗಂಗಾವತಿ

ಅಂದರೆ ರೇಟು ಬೀಳಿಸಿ, ನಮ್ಮಂಥವರನ್ನು ಹೆದರಿಸಿ, ಕಡಿಮೆಗೆ ಎತ್ತೋದು! ಇದು ನಮಗೆ ಮೊದಲಿಂದ ಗೊತ್ತು. ಸವಾಲಿಗೆ ಮುಂಚೆ ದಲ್ಲಾಳಿ ‘ತೇವ ಜಾಸ್ತಿ’ ಅಂತಾನಲ್ಲ.

ಗವಿಸಿದ್ದಪ್ಪ, ಕೊಪ್ಪಳ

‘ದಲ್ಲಾಳಿ’, ‘ಸವಾಲು’. ನೋಡಿ, ಮಂಡಿಯಲ್ಲಿ ಒಂದಾದರೂ ಕನ್ನಡ ಪದ ಉಳಿದಿದೆಯಾ?

ಶಿವಲೀಲಾ, ರಾಯಚೂರು

ಸರ್, 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು, ಕೊಪ್ಪಳವೂ ಇತ್ತು. ‘ಜಮೀನು’, ‘ಖಾತೆ’, ‘ಅರ್ಜಿ’ ತೆಗೆದರೆ ನಿಮ್ಮ ಪಹಣಿ ಓದೋದು ಹೇಗೆ? ಆ ಜಗಳ ಆಮೇಲೆ ಮಾಡೋಣ. ‘ಇಳಿದೇಳು’, ‘ಏರಿಳಿ’ ಅಂತ ಮಾಡಿದರೆ ಹೇಗೆ? ಎರಡೂ ಚಲನೆ ಬರುತ್ತವೆ.

ಗವಿಸಿದ್ದಪ್ಪ, ಕೊಪ್ಪಳ

‘ಏರಿಳಿ’ ಎಲ್ಲ ಬೆಲೆಗೂ ಅನ್ವಯಿಸುತ್ತದೆ. ಪದ ಕಟ್ಟುವುದು ಇಷ್ಟು ಸುಲಭ ಅಂದುಕೊಂಡಿದ್ದೀರಾ?

ಪಂಪಾಪತಿ, ಬಳ್ಳಾರಿ

ಇದೊಂದು ಮಾತು ಮೇಷ್ಟ್ರದ್ದು ಸರಿ. ಗೆರೆ ದಾಟಿದ್ದು ‘ಏರಿಳಿ’ಯಲ್ಲಿ ಕಾಣಲ್ಲ. ‘ಗೆರೆ ದಾಟಿ ವಾಪಸ್’ ಅನ್ನಬಹುದು, ಆದರೆ ನಿಮ್ಮ ಜಾಗ ಹಿಡಿಯಲ್ಲ. ಅಂದಹಾಗೆ ನಿಮ್ಮ ಚಾರ್ಟಿನಲ್ಲಿ ಅಪ್‌ಥ್ರಸ್ಟ್ ಬಾಣ ಯಾವ ದಿನದ ಮೇಲಿದೆ?

ಶಿವಲೀಲಾ, ರಾಯಚೂರು

ಜೂನ್ 15, ಸುಮಾರು 41,000.

ಪಂಪಾಪತಿ, ಬಳ್ಳಾರಿ

ಮೇಲ್ಗೆರೆ 42,000ಕ್ಕೆ ಎಳೆದಿದ್ದರೆ ಅದು ಗೆರೆಯನ್ನೇ ದಾಟಿಲ್ಲ, ಅಪ್‌ಥ್ರಸ್ಟ್ ಹೇಗಾಗುತ್ತದೆ? ಮೇ ಕೊನೆಯ ವಾರದ ತುದಿಗೆ ಗೆರೆ ಎಳೆದವರು ಹಾಗೆ ಕರೆಯುತ್ತಾರೆ, ನಾನು ಒಪ್ಪಲ್ಲ. ಮೂಲ ಬರೆದವರನ್ನು ಕೇಳಿ.

ಶಿವಲೀಲಾ, ರಾಯಚೂರು

ಕೇಳಿದ್ದೇನೆ, ಉತ್ತರ ಬಂದಿಲ್ಲ. ಸದ್ಯಕ್ಕೆ ಜೂನ್ 22ರ ಪಕ್ಕ ‘ಸ್ಪ್ರಿಂಗ್’ ಅಂತ ಕನ್ನಡ ಅಕ್ಷರದಲ್ಲೇ ಇಟ್ಟು, ಕೆಳಗೆ ‘ಕೆಳಗೆರೆ ಒಡೆದು ಒಳಗೆ ಬಂದ ಮೇಲೆ ಮಾತ್ರ’ ಅಂತ ಒಂದು ಸಾಲು ಹಾಕಿದ್ದೇನೆ. ಶೇಖರಣೆ ಹಾಗೇ ಇರುತ್ತದೆ. ಅಪ್‌ಥ್ರಸ್ಟ್‌ಗೆ ಗುರುವಾರ ಸಂಜೆವರೆಗೆ ಯಾರಾದರೂ ಹೇಳಿ.

ಗವಿಸಿದ್ದಪ್ಪ, ಕೊಪ್ಪಳ

‘ಸ್ಪ್ರಿಂಗ್’ ಅಂತ ಅಚ್ಚು ಹಾಕೋದಾದರೆ ಇಲ್ಲಿ ಕೇಳಿದ್ದಾದರೂ ಯಾಕೆ?