ಮೊಮ್ಮಗಳ ಜೊತೆ ಮರದ ಉಯ್ಯಾಲೆ: ಮಾಡಿದವರ ಅನುಭವ

ಕೇಳಿದ್ದು: "ಮೊಮ್ಮಗಳಿಗೆ ಎಂಟು ವರ್ಷ. ಅವಳ ಕೈಯಿಂದಲೇ ಮರದ ಉಯ್ಯಾಲೆ ಮಾಡಿಸುವ ಆಸೆ. ಅಂಗಳದಲ್ಲಿ ಮಾವಿನ ಮರ ಇದೆ. ಮಾಡಿದವರು ಹೇಗೆ ಮಾಡಿದಿರಿ?"

ಶಿರಸಿಯ ಅಜ್ಜ: ನಮ್ಮ ಅಟ್ಟದಲ್ಲಿ ಒಣಗಿದ ಹಲಸಿನ ಹಲಗೆ ಇತ್ತು, ಒಂದೂವರೆ ಇಂಚು ದಪ್ಪ. ಮೊಮ್ಮಗಳು ಮೂಲೆಮಟ್ಟ ಇಟ್ಟು ಎರಡು ಅಡಿಗೆ ಗೆರೆ ಎಳೆದಳು. ಗರಗಸವನ್ನು ಮೊದಲು ಮೆಲ್ಲಗೆ ಹಿಂದಕ್ಕೆ ಎಳೆದು ಕಚ್ಚು ಮಾಡು, ಆಮೇಲೆ ದೂಡು ಅಂದೆ. ಉಜ್ಜುಗೊರಡು ಕೊಡುವ ಮುಂಚೆ ಹಲಗೆ ಮೇಲೆ ಕೈ ಸವರಿಸಿದೆ. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಒರಟು. ನುಣ್ಣಗಿರುವ ದಿಕ್ಕಿಗೇ ತಳ್ಳಬೇಕು, ಇಲ್ಲದಿದ್ದರೆ ಸಿಬಿರು ಕಿತ್ತು ಬರುತ್ತದೆ.

ಮೂಲೆಗೊಂದು ತೂತು, ತುದಿಯಿಂದ ಎರಡು ಇಂಚು ಒಳಗೆ. ತುದಿಗೆ ಹತ್ತಿರ ಕೊರೆದರೆ ಹಲಗೆ ಸೀಳುತ್ತೆ. ಅಡಿಗೆ ರದ್ದಿ ಹಲಗೆ ಇಟ್ಟು ಕೊರೆದಳು, ಹಾಗಾಗಿ ಕೆಳಗಿನ ಬಾಯಿ ಒಡೆಯಲಿಲ್ಲ. ತೂತಿನ ಅಂಚನ್ನು ಉಪ್ಪುಕಾಗದದಲ್ಲಿ ದುಂಡಗೆ ಮಾಡಿಸಿದೆ. ಚೂಪು ಅಂಚು ಹಗ್ಗವನ್ನು ತಿಂದುಬಿಡುತ್ತದೆ. ಹಗ್ಗ ಒಂದು ತೂತಿನಲ್ಲಿ ಇಳಿದು, ಹಲಗೆಯ ಅಡಿಯಿಂದ ಹಾದು, ಪಕ್ಕದ ತೂತಿನಲ್ಲಿ ಮೇಲೆ ಬರಬೇಕು. ಆಗ ಹಲಗೆ ಹಗ್ಗದ ಮೇಲೆಯೇ ಕೂರುತ್ತದೆ. ಮಗುವಿಗಿಂತ ಮೊದಲು ಅಕ್ಕಿ ಮೂಟೆ ಕೂರಿಸಿ ತೂಗಿದೆವು.

ಬೆಂಗಳೂರಿನ ತಾಯಿ: ಮರ ಇರುವವರು ಪುಣ್ಯವಂತರು. ನಮ್ಮದು ಮೂರನೇ ಮಹಡಿ. ಕೊಕ್ಕೆ ಹಾಕಲು ಬಂದವನು 1,800 ರೂಪಾಯಿ ತಗೊಂಡು ಬರೀ ಗಾರೆಗೆ ಬೋಲ್ಟ್ ಹೊಡೆದು ಹೋದ. ವಾರದಲ್ಲೇ ಬೋಲ್ಟಿನ ಸುತ್ತ ಪುಡಿ ಉದುರಿತು. ಮತ್ತೆ 2,600 ಕೊಟ್ಟು ತೊಲೆಯ ಕಾಂಕ್ರೀಟಿಗೆ ಹಾಕಿಸಿದೆ. ನೆಲದ ಮೇಲೆ ಬಿಳಿ ಪುಡಿ ಕಂಡರೆ ತಕ್ಷಣ ಉಯ್ಯಾಲೆ ಇಳಿಸಿ. ಮತ್ತೆ ಹಗ್ಗ ಬೇಡ, ಸರಪಳಿಯೇ ಸರಿ.

ಧಾರವಾಡದವರು: ಸರಪಳಿಯಾ? ನನ್ನ ಮಗಳ ಬೆರಳು ಸಿಕ್ಕಿ ಉಗುರು ಕಪ್ಪಾಗಿತ್ತು. ನಾವು ಪಂಚಮಿಗೆ ಹಗ್ಗದಲ್ಲೇ ಜೋಕಾಲಿ ಕಟ್ಟುವವರು. ನೈಲಾನ್ ಹಗ್ಗ ತಂದು ಬಿಡಿ, ಅದಕ್ಕೇನೂ ಆಗಲ್ಲ. ಹಲಗೆ ಕೊಯ್ಯೋದೂ ಬೇಡ, ಮಣೆ ಇಟ್ಟರೆ ಸಾಕು.

ಶಿರಸಿಯ ಅಜ್ಜ: ಏನೂ ಆಗಲ್ಲ ಅನ್ನಬೇಡಿ ಸ್ವಾಮಿ. ನೈಲಾನ್ ಮಳೆಗೆ ಕೊಳೆಯಲ್ಲ, ಆ ಮಾತು ನಿಜ. ಆದರೆ ಭಾರಕ್ಕೆ ಹಿಗ್ಗುತ್ತದೆ, ಬಿಸಿಲಿಗೆ ಜೀವ ಕಳೆದುಕೊಳ್ಳುತ್ತದೆ. ಎಳೆಗಳು ಪುಡಿಪುಡಿಯಾಗಿ ಕೈಗೆ ಚುಚ್ಚಿದರೆ ಆ ಹಗ್ಗ ಮುಗಿಯಿತು. ಮತ್ತೆ ಅವರು ಕೇಳಿದ್ದು ಮಗುವಿನ ಕೈಯಲ್ಲಿ ಮಾಡಿಸೋದು ಹೇಗೆ ಅಂತ. ಮಣೆ ಇಟ್ಟರೆ ಮಗು ಕಲಿಯೋದೇನು?

ಧಾರವಾಡದವರು: ನಮ್ಮೂರಲ್ಲಿ ಹಬ್ಬಕ್ಕೆ ಕಟ್ಟಿ, ಹಬ್ಬ ಮುಗಿದ ಮೇಲೆ ಬಿಚ್ಚುತ್ತೇವೆ. ಬಿಸಿಲಿಗೆ ವರ್ಷಗಟ್ಟಲೆ ಬಿಡೋದು ನೀವು, ಬೈಗುಳ ಹಗ್ಗಕ್ಕಾ?

ಬೆಂಗಳೂರಿನ ತಾಯಿ: ಸರಪಳಿಗೆ ಹಳೇ ರಬ್ಬರ್ ಪೈಪ್ ಹಾಕಿದರೆ ಬೆರಳು ಸಿಗಲ್ಲ. ನಾವು ಹಾಕಿದ್ದೇವೆ.

ಪುತ್ತೂರಿನವರು: ಹಗ್ಗದ ಜಗಳ ಆಮೇಲೆ. ಮಾವಿನ ಕೊಂಬೆಯನ್ನು ಮೊದಲು ನೋಡಿ. ತೊಡೆಯಷ್ಟು ದಪ್ಪ ಇದೆಯಾ? ತೊಗಟೆಯಿಂದ ಹೊಟ್ಟು ಉದುರುತ್ತಿದ್ದರೆ ಒಳಗೆ ಹುಳ ಕೊರೆದಿದೆ ಅಂತಲೇ ಲೆಕ್ಕ. ಅಂಥ ಕೊಂಬೆಗೆ ಹಗ್ಗವೂ ಬೇಡ, ಸರಪಳಿಯೂ ಬೇಡ.