ಸಹಾಯ ಬೇಕು: ಗ್ರೌಂಡೆಡ್ ಥಿಯರಿನಾ, ಫಿನಾಮೆನಾಲಜಿನಾ?

ನಮಸ್ಕಾರ, ಮಂಡ್ಯದಲ್ಲಿ ಎಂಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ. ಗಂಡನನ್ನು ಹಳ್ಳಿಯಿಂದ ಬಸ್ಸಲ್ಲಿ ಡಯಾಲಿಸಿಸ್‌ಗೆ ಕರೆತರುವ ಹೆಂಗಸರ ಮೇಲೆ ಥೀಸಿಸ್. ಆ ಅನುಭವ ಅವರಿಗೆ ಹೇಗಿದೆ ಅನ್ನೋದಷ್ಟೇ ಪ್ರಶ್ನೆಯಾದರೆ ಫಿನಾಮೆನಾಲಜಿ ಸಾಕು, ಅಲ್ವಾ? ಆದರೆ ಪೈಲಟ್ ಸಂದರ್ಶನದಲ್ಲಿ ಬಂದಿದ್ದೇ ಬೇರೆ: ಮೊದಲು ಗದ್ದೆ ಗುತ್ತಿಗೆಗೆ ಕೊಟ್ಟಿದ್ದು, ಆಮೇಲೆ ಗಂಡನಿಗೆ ಕುಡಿಯೋ ನೀರು ಅಳೆದು ಕೊಡೋದು ಕಲಿತಿದ್ದು, ಕೊನೆಗೆ ಮಗಳಿಗೆ ಅರ್ಧ ಕೆಲಸ ವಹಿಸಿದ್ದು, ಅಂದರೆ ಹಂತ ಹಂತವಾಗಿ ಹೊಂದಿಕೊಂಡ ಕಥೆ. ಇದಕ್ಕೆ ಗ್ರೌಂಡೆಡ್ ಥಿಯರಿನೇ ಸರಿ ಅನಿಸುತ್ತದೆ. ತೊಡಕು ಏನಂದರೆ, ಅದರಲ್ಲಿ ಸಿಕ್ಕ ಸಂದರ್ಶನಗಳನ್ನು ಕೋಡ್ ಮಾಡುತ್ತಾ ಹೋದಂತೆ ಮುಂದೆ ಯಾರನ್ನು, ಏನು ಕೇಳಬೇಕು ಅಂತ ಗೊತ್ತಾಗುತ್ತದೆ. ಗೈಡ್ ಮೇಡಂ ಮಾತ್ರ ಎಥಿಕ್ಸ್ ಕಮಿಟಿಗೆ ಜನರ ಸಂಖ್ಯೆ, ಪ್ರಶ್ನೆ ಎಲ್ಲ ಈಗಲೇ ಬರೆದುಕೊಡು ಅಂತಾರೆ. ಹೀಗೆ ಮುಂದಿನವರನ್ನು ಆರಿಸುತ್ತಾ ಹೋಗುವ ಥಿಯರೆಟಿಕಲ್ ಸ್ಯಾಂಪ್ಲಿಂಗ್ ಬಗ್ಗೆ ಪ್ರೊಪೋಸಲ್‌ನಲ್ಲಿ ನೀವು ಹೇಗೆ ಬರೆದಿರಿ? ಮಾಡಿದವರು ದಯವಿಟ್ಟು ಹೇಳಿ.