ಸಹಾಯ ಬೇಕು: ರೀಡ್ ರೆಪ್ಲಿಕಾ ಮತ್ತು ಬ್ಯಾಕಪ್ ಪರೀಕ್ಷೆಗೆ ಹಣ ಕೇಳುವ ಪತ್ರ

ಎಲ್ಲರಿಗೂ ನಮಸ್ಕಾರ. ನಮ್ಮ ಕಂಪನಿಯ ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಂದೇ ಸರ್ವರ್ ಮೇಲಿದೆ. ತಿಂಗಳ ಕೊನೆಯಲ್ಲಿ ಲೆಕ್ಕಪತ್ರ ವಿಭಾಗ ದೊಡ್ಡ ವರದಿ ತೆಗೆಯುವಾಗ ಗ್ರಾಹಕರ ಆರ್ಡರ್‌ಗಳು ನಿಧಾನವಾಗುತ್ತವೆ. ವರದಿಗಳನ್ನು ರೀಡ್ ರೆಪ್ಲಿಕಾಗೆ ಕಳುಹಿಸಿದರೆ ಈ ತೊಂದರೆ ತೀರುತ್ತದೆ. ಅಲ್ಲಿನ ಮಾಹಿತಿ ಕೆಲವು ಸೆಕೆಂಡು ಹಿಂದಿದ್ದರೂ ವರದಿಗೆ ಸಾಕು. ಇದಕ್ಕೆ ಆಡಳಿತದ ವಿರೋಧವಿಲ್ಲ.

ತೊಡಕಿರುವುದು ಎರಡನೆಯ ಬೇಡಿಕೆಯಲ್ಲಿ. “ಇನ್ನೊಂದು ಪ್ರತಿ ಇದ್ದ ಮೇಲೆ ಬ್ಯಾಕಪ್ ಪರೀಕ್ಷೆಗೆ ಖರ್ಚೇಕೆ?” ಎನ್ನುತ್ತಾರೆ. ಯಾರಾದರೂ ತಪ್ಪಿ ಒಂದು ಟೇಬಲ್ ಅಳಿಸಿದರೆ ಅದು ರೆಪ್ಲಿಕಾದಲ್ಲೂ ಕೂಡಲೇ ಅಳಿಯುತ್ತದೆ. ಆಗ ಉಳಿಯುವುದು ಬ್ಯಾಕಪ್ ಮಾತ್ರ. ಪತ್ರದಲ್ಲಿ ಹೀಗೆ ಬರೆದಿದ್ದೇನೆ:

“2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಮುಖ್ಯ ಡೇಟಾಬೇಸಿನ ಕಡತಗಳು ತಪ್ಪಿನಿಂದ ಅಳಿದವು. ಡೇಟಾಬೇಸ್ 9.6 ಆವೃತ್ತಿಯದು, ಬ್ಯಾಕಪ್ ತೆಗೆಯುವ `pg_dump` 9.2ರದು. ಹಾಗಾಗಿ ಬ್ಯಾಕಪ್ ವಿಫಲವಾಗುತ್ತಿತ್ತು, ಎಚ್ಚರಿಕೆಯ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಕೊನೆಗೆ ಸುಮಾರು ಆರು ಗಂಟೆ ಹಳೆಯ ಸ್ನ್ಯಾಪ್‌ಶಾಟ್ ಕೈಹಿಡಿಯಿತು. ನಾವು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಯಂತ್ರಕ್ಕೆ ತುಂಬಿ, ಹಿಡಿದ ಸಮಯ ಮತ್ತು ಅದರಲ್ಲಿರುವ ಕೊನೆಯ ಆರ್ಡರ್‌ನ ದಿನಾಂಕವನ್ನು ನೋಡುತ್ತೇವೆ. ಯಂತ್ರವನ್ನು ಗಂಟೆಗಳ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತೇವೆ.”

ರೆಪ್ಲಿಕಾದ ಬಾಡಿಗೆ ಪ್ರತಿ ತಿಂಗಳೂ ಬರುವಂಥದ್ದು, ಪರೀಕ್ಷೆಯ ಖರ್ಚಿನಲ್ಲಿ ದೊಡ್ಡ ಪಾಲು ಎಂಜಿನಿಯರ್‌ಗಳ ಸಮಯ. ಇವೆರಡನ್ನೂ ಒಂದೇ ಮೊತ್ತವಾಗಿ ಕೇಳಿದರೆ ಪರೀಕ್ಷೆಯನ್ನೇ ಮೊದಲು ಕತ್ತರಿಸುತ್ತಾರೆಂಬ ಆತಂಕ ನನ್ನದು. ಇಂಥ ಪತ್ರ ಬರೆದು ಒಪ್ಪಿಗೆ ಪಡೆದವರು ಖರ್ಚನ್ನು ಹೇಗೆ ವಿಂಗಡಿಸಿದಿರಿ, ದಯವಿಟ್ಟು ತಿಳಿಸುತ್ತೀರಾ?